ಒಂದು ಆಕಳಿನ ಲೆಕ್ಕ

ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಒಬ್ಬರು ಹಿತ್ತಲಲ್ಲಿ ಒಂದು ಮಿಶ್ರತಳಿ ಆಕಳು ಕಟ್ಟುತ್ತಾರೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 10 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ, ಹಿಂಡಿ ಕಳೆದರೆ ಕೈತುಂಬ ಲಾಭ. ಕಟ್ಟೆಯ ಮೇಲೆ ಕೂತು ಹಾಕುವ ಲೆಕ್ಕ ಇದು. ಆದರೆ ಆಕಳಿನ ಲೆಕ್ಕವನ್ನು ದಿನಕ್ಕಲ್ಲ, ಒಂದು ಈತದಿಂದ ಇನ್ನೊಂದು ಈತದವರೆಗೆ ಹಾಕಬೇಕು.

ಈದ ನಾಲ್ಕನೇ ತಿಂಗಳಲ್ಲಿ ಗಬ್ಬವಾದರೆ ಈ ಅವಧಿ ಸುಮಾರು 400 ದಿನ. ಅದರಲ್ಲಿ ಹಾಲು ಸಿಗುವುದು 305 ದಿನ, ಉಳಿದ 95 ದಿನ ಆಕಳು ಬತ್ತಿರುತ್ತದೆ. ಹೊಟ್ಟೆ ಮಾತ್ರ ಬತ್ತುವುದಿಲ್ಲ.

ಮೈ ಕಾಯಲು ಒಂದೂವರೆ ಕಿಲೋ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಹಿಂಡಿ ಬೇಕು. ಬತ್ತಿದಾಗ ಎರಡು ಕಿಲೋ. ಕಿಲೋಗೆ 26 ರೂಪಾಯಿಯಂತೆ ಹಿಂಡಿಗೇ 48,600 ಆಯಿತು. ಮೇವಿಗೆ ದಿನಕ್ಕೆ 60ರಂತೆ 24,000. ನಮ್ಮ ಹೊಲದ್ದೇ ಗೋವಿನಜೋಳದ ಸೊಪ್ಪೆ ಎಂದು ಇದನ್ನು ಬಿಡಬೇಡಿ, ಮಾರಿದರೆ ಅದಕ್ಕೂ ದುಡ್ಡು ಬರುತ್ತಿತ್ತಲ್ಲ? ಕಾಲುಬಾಯಿ ಬೇನೆಯ ಲಸಿಕೆ ಉಚಿತ. ಆದರೂ ಔಷಧ, ಖನಿಜ ಮಿಶ್ರಣ, ವಿಮೆ ಸೇರಿ 8,000. 40,000ದ ತಗಡಿನ ಕೊಟ್ಟಿಗೆಯ, 70,000ದ ಆಕಳಿನ ಸವಕಳಿ 14,000. ಒಟ್ಟು 94,600.

ಕರುವಿಗೆ ಬಿಟ್ಟು ಡೇರಿಗೆ ಹಾಕಿದ 2,900 ಲೀಟರಿಗೆ 1,01,500 ಬಂತು. ಉಳಿದದ್ದು 6,900. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬಂದರೆ ಇನ್ನೂ 14,500. ಅಂದರೆ ದಿನಕ್ಕೆ 53 ರೂಪಾಯಿ, ಅದೂ ಸೆಗಣಿ ಬಳಿದ ಮನೆಯವರ ಕೂಲಿ ಹಿಡಿಯದೆ. ದರಗಳು ಉದಾಹರಣೆಗೆ ಹಿಡಿದವು, ನಿಮ್ಮೂರಿನವನ್ನು ಹಾಕಿಕೊಳ್ಳಿ.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಬೆದೆ ತಪ್ಪಿದಾಗ. ಒಂದು ಬೆದೆ ತಪ್ಪಿತೆಂದರೆ ಮತ್ತೆ 21 ದಿನ ಕಾಯಬೇಕು, ಬತ್ತಿದ ದಿನಗಳು ಅಷ್ಟು ಹೆಚ್ಚುತ್ತವೆ. ಹಿಂಡಿ, ಮೇವು ಸೇರಿ ದಿನಕ್ಕೆ 112 ರೂಪಾಯಿ. ಮೂರು ಬೆದೆ ತಪ್ಪಿದರೆ 7,000 ದಾಟಿತು. ಮೇಲೆ ಹಾಲಿನಿಂದ ಉಳಿದ 6,900 ಅಲ್ಲಿಗೇ ಮುಗಿಯಿತು.

ಬೇಸಿಗೆಯಲ್ಲಿ ಎಷ್ಟೋ ಆಕಳುಗಳು ಬೆದೆಗೆ ಬಂದರೂ ಕೂಗುವುದಿಲ್ಲ. ನಸುಕಿನಲ್ಲಿ ಆಕಳು ಎದ್ದೇಳುವ ಮೊದಲು ಬಾಲದ ಹಿಂದೆ ನೆಲ ನೋಡಿ: ತತ್ತಿಯ ಬಿಳಿಯಂತೆ ತಿಳಿಯಾದ, ದಾರದಂತೆ ಎಳೆಯುವ ಲೋಳೆ ಬಿದ್ದಿದ್ದರೆ ಅದೇ ಬೆದೆ. ಹಾಲೂ ಅಂದು ತುಸು ಇಳಿದಿರುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಲೋಳೆ ಮಸುಕಾಗಿ ಕೀವಿನಂತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಡೇರಿಯ ಪಾಸ್‌ಬುಕ್ಕಿನಲ್ಲಿ ಹಾಲಿನ ಲೆಕ್ಕವಿರುತ್ತದೆ, ಬೆದೆಯ ಲೆಕ್ಕ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಿಮ್ಮ ಆಕಳು ಈದ ದಿನಕ್ಕೆ ಗುರುತು ಹಾಕಿದ್ದೀರಾ, ಇವತ್ತೇ ನೋಡಿ.