ಹೀರೇ ಹೂ ಅರಳೋದು ಸಂಜೆ

ನಮ್ಮ ಟೆರೇಸಿನ ಹೀರೇಬಳ್ಳಿ ಮೈತುಂಬ ಹೂ ಬಿಡ್ತಿತ್ತು, ಆದ್ರೆ ಒಂದೂ ಕಾಯಿ ನಿಲ್ತಿರಲಿಲ್ಲ. ಮೊದಮೊದಲು ಉದುರಿದ್ದೆಲ್ಲ ಗಂಡು ಹೂ. ಅವು ಒಂದೇ ಕಡ್ಡಿಯಲ್ಲಿ ಗೊಂಚಲಾಗಿ ಬರ್ತವೆ, ಅರಳಿ ಬೀಳ್ತವೆ. ಅದಕ್ಕೆ ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಮಾತ್ರ ಪುಟ್ಟ ಹೀರೇಕಾಯಿ ಇರುತ್ತೆ. ಆ ಮಿಡಿಗಳೂ ಹಳದಿಯಾಗಿ ಉದುರೋಕೆ ಶುರುವಾದಾಗ ನನಗೆ ಹೊಟ್ಟೆ ಉರೀತು.

ಜೇನು ಬರ್ತಿಲ್ಲ ಅಂದ್ಕೊಂಡು ಬ್ರಷ್ ಹಿಡಿದೆ. ಕುಂಬಳಕ್ಕೆ ಮಾಡೋ ಹಾಗೇ, ದಿನಾ ಬೆಳಗ್ಗೆ ಎಂಟಕ್ಕೆ. ವಾರವಾದ್ರೂ ಅದೇ ಕಥೆ. ತಪ್ಪಿದ್ದು ಹೊತ್ತು. ಕುಂಬಳದ ಹೂ ನಸುಕಿಗೇ ಅರಳಿ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತೆ. ಹೀರೆ ಅರಳೋದು ಸಂಜೆ! ನಾನು ಹೋಗ್ತಿದ್ದದ್ದು ಹಿಂದಿನ ಸಂಜೆಯ ಹೂವಿಗೆ.

ಆಮೇಲೆ ಸಂಜೆ ಆರಕ್ಕೆ ಹತ್ತಿದೆ. ಮಕ್ಕಳ ಪೇಂಟಿಂಗಿನ ಮೆತ್ತನೆ ಬ್ರಷ್ ಸಾಕು, ಆದ್ರೆ ಒಣಗಿರಬೇಕು. ಆಗಷ್ಟೇ ಅರಳಿದ ಗಂಡು ಹೂವಿನ ನಡುವೆ ಬ್ರಷ್ ತಿರುಗಿಸಿದ್ರೆ ತುದಿಗೆ ಹಳದಿ ಪುಡಿ ಅಂಟುತ್ತೆ. ಅಂಟಲಿಲ್ವಾ? ಬೇರೆ ಹೂ ನೋಡಿ. ಹೆಣ್ಣು ಹೂವಿನ ನಡುವೆ ಮೂರು ಭಾಗವಾಗಿ ಸೀಳಿದ ಅಂಟಂಟು ಗಂಟಿದೆ. ಮೂರಕ್ಕೂ ಪುಡಿ ತಾಗಲಿ. ಒಂದೇ ಬದಿಗೆ ತಾಗಿದ್ರೆ ಕಾಯಿ ಸೊಟ್ಟಗಾಗಬಹುದು.

ಗುರುತಿಗೆ ದಾರ ಕಟ್ಟಿದೆ. ಐದು ಹೂವಲ್ಲಿ ಮೂರು ಮಿಡಿ ನಾಲ್ಕೇ ದಿನಕ್ಕೆ ದಪ್ಪಗಾದವು. ಉಳಿದೆರಡು ತುದಿಯಿಂದ ಹಳದಿಯಾಗಿ ಸೊರಗಿದವು. ಅವೆರಡಕ್ಕೆ ಬ್ರಷ್ ಆಡಿಸಿದ ಸಂಜೆ ಮಳೆ ಬಂದಿತ್ತು, ಪುಡಿಯೆಲ್ಲ ಒದ್ದೆಯಾಗಿ ಮುದ್ದೆಗಟ್ಟಿತ್ತು.