ಎದುರುಬದುರಾಗಿ ಬರುವ ರೈಲುಗಳು

ಎರಡು ಊರುಗಳ ನಡುವಣ ದೂರ ಇಷ್ಟು. ಒಂದೊಂದು ಊರಿನಿಂದ ಒಂದೊಂದು ರೈಲು ಹೊರಟಿತು. ಅವು ಎಲ್ಲಿ, ಯಾವಾಗ ಸಂಧಿಸುವುವು? ಈ ಲೆಕ್ಕವನ್ನು ಶಾಲೆಯಲ್ಲಿ ಮಾಡದವರು ನಮ್ಮ ಮಾತನ್ನು ಕೇಳುತ್ತಿರುವವರಲ್ಲಿ ವಿರಳ. ಲೆಕ್ಕದ ಪುಸ್ತಕವು ಆ ಊರುಗಳಿಗೆ ಹೆಸರಿಡುವುದಿಲ್ಲ. ಇಂದು ನಾವು ಹೆಸರಿಟ್ಟು ನೋಡೋಣ.

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ 1894ರಲ್ಲಿ ಒಂದು ಶಾಖಾಮಾರ್ಗ ತೆರೆಯಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಅದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಉದ್ದ ಸುಮಾರು 16 ಕಿಲೋಮೀಟರು. 2001ರಲ್ಲಿ ಗಣಿಗಳು ಮುಚ್ಚಿದವು. ಅಂದಿನಿಂದ ಈ ಮಾರ್ಗದಲ್ಲಿ ಹೆಚ್ಚಾಗಿ ಕಾಣುವವರು ಬೆಂಗಳೂರಿಗೆ ದಿನವೂ ದುಡಿಯಲು ಹೋಗಿಬರುವ ಜನ.

ದೂರವೊಂದನ್ನು ಬಿಟ್ಟು ಉಳಿದ ಅಂಕಿಗಳೆಲ್ಲ ನಮ್ಮ ಕಲ್ಪನೆಯವು. ಬಂಗಾರಪೇಟೆಯ ಗಾಡಿ ಗಂಟೆಗೆ 24 ಕಿಲೋಮೀಟರಿನಂತೆಯೂ, ಮಾರಿಕುಪ್ಪಂನ ಗಾಡಿ 40ರಂತೆಯೂ ಓಡಲಿ. ಎರಡೂ 8 ಗಂಟೆಗೆ ಹೊರಟರೆ ನಡುವಣ ಅಂತರವು ಗಂಟೆಗೆ 64 ಕಿಲೋಮೀಟರಿನಂತೆ ಕುಗ್ಗುತ್ತದೆ. 16ನ್ನು 64ರಿಂದ ಭಾಗಿಸಿದರೆ ಕಾಲು ಗಂಟೆ. 8 ಗಂಟೆ 15 ನಿಮಿಷಕ್ಕೆ, ಬಂಗಾರಪೇಟೆಯಿಂದ 6 ಕಿಲೋಮೀಟರಿನಲ್ಲಿ, ಅವು ಸಂಧಿಸುವುವು.

ಮಾರಿಕುಪ್ಪಂನ ಗಾಡಿ ಹತ್ತು ನಿಮಿಷ ತಡವಾಗಿ ಹೊರಟಿತೆನ್ನೋಣ. ನಮ್ಮ ತರಗತಿಗಳಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ಅವರು ಮೊದಲಿನ ಕಾಲು ಗಂಟೆಗೆ ಹತ್ತು ನಿಮಿಷವನ್ನು ಕೂಡಿಸಿ 8 ಗಂಟೆ 25 ನಿಮಿಷವೆಂದು ಬರೆದುಬಿಡುತ್ತಾರೆ. ಆದರೆ ವೇಗಗಳನ್ನು ಕೂಡಿಸುವ ಹಕ್ಕು ನಮಗೆ ದೊರೆಯುವುದು ಎರಡೂ ಗಾಡಿಗಳು ಚಲಿಸುತ್ತಿರುವಾಗ ಮಾತ್ರ. ಮೊದಲ ಹತ್ತು ನಿಮಿಷದಲ್ಲಿ ಬಂಗಾರಪೇಟೆಯ ಗಾಡಿ ಒಂದೇ 4 ಕಿಲೋಮೀಟರು ಮುಂದೆ ಬಂದಿರುತ್ತದೆ. ಉಳಿದ 12 ಕಿಲೋಮೀಟರನ್ನು ಮಾತ್ರ 64ರಿಂದ ಭಾಗಿಸಬೇಕು, ಹನ್ನೊಂದೂಕಾಲು ನಿಮಿಷ. ಸಂಧಿಸುವುದು 8 ಗಂಟೆ ಇಪ್ಪತ್ತೊಂದೂಕಾಲು ನಿಮಿಷಕ್ಕೆ. ತಾಳೆ ನೋಡುವುದು ಸುಲಭ: ಅಷ್ಟರಲ್ಲಿ ಒಂದು ಎಂಟೂವರೆ, ಇನ್ನೊಂದು ಏಳೂವರೆ ಕಿಲೋಮೀಟರು ಸಾಗಿವೆ, ಎರಡೂ ಕೂಡಿ 16. ತಪ್ಪು ಉತ್ತರವನ್ನು ಹೀಗೆ ತಾಳೆ ನೋಡಿದರೆ ಮೊತ್ತ 20 ಆಗುತ್ತದೆ. ಅಷ್ಟು ಉದ್ದದ ಹಾದಿಯೇ ಅಲ್ಲಿಲ್ಲ!

ಉತ್ತರ ಸರಿಯಾಯಿತು. ಆದರೆ ಹಾದಿ ಒಂಟಿ ಮಾರ್ಗವಾಗಿದ್ದರೆ ಈ ಸರಿಯುತ್ತರವೇ ಭಯಂಕರವಾದುದು. ಎಂಟೂವರೆ ಕಿಲೋಮೀಟರಿನ ಬಯಲಿನಲ್ಲಿ ಗಾಡಿಗಳು ಸಂಧಿಸುವುದೆಂದರೆ ಡಿಕ್ಕಿ ಹೊಡೆಯುವುದೆಂದೇ ಅರ್ಥ. ಒಂದು ಗಾಡಿ ಸರಿದು ನಿಲ್ಲಲು ಪಕ್ಕದ ಹಳಿಯಿರುವ ನಿಲ್ದಾಣದಲ್ಲಿ ಮಾತ್ರ ಅವು ಒಂದನ್ನೊಂದು ದಾಟಬಲ್ಲವು. ಆದುದರಿಂದ ವೇಳಾಪಟ್ಟಿ ಮಾಡುವವನು ನಮ್ಮ ಲೆಕ್ಕವನ್ನು ತಲೆಕೆಳಗು ಮಾಡುತ್ತಾನೆ. ನಾವು ಹೊರಟ ಹೊತ್ತನ್ನು ತಿಳಿದು ಸಂಧಿಸುವ ಎಡೆಯನ್ನು ಹುಡುಕುತ್ತೇವೆ. ಅವನು ಎಡೆಯನ್ನು ಮೊದಲು ಗೊತ್ತುಮಾಡಿ ಹೊರಡುವ ಹೊತ್ತನ್ನು ಹುಡುಕುತ್ತಾನೆ.

ಪಕ್ಕದ ಹಳಿ ಕೋರಮಂಡಲ್‌ನಲ್ಲಿದೆಯೆಂದೂ, ಅದು ಬಂಗಾರಪೇಟೆಗೆ 12 ಕಿಲೋಮೀಟರು ದೂರವೆಂದೂ ಭಾವಿಸೋಣ. ಬಂಗಾರಪೇಟೆಯ ಗಾಡಿ 8 ಗಂಟೆ 30ಕ್ಕೆ ಅಲ್ಲಿಗೆ ಬರುತ್ತದೆ. ಎದುರು ಗಾಡಿಗೆ ಉಳಿದಿರುವುದು 4 ಕಿಲೋಮೀಟರು, ಅಂದರೆ ಆರು ನಿಮಿಷದ ಓಟ. ಆದರೆ ಅದು ಚಾಂಪಿಯನ್ ಮತ್ತು ಊರಿಗಾಂಗಳಲ್ಲಿ ಎರಡೆರಡು ನಿಮಿಷ ನಿಂತರೆ ಹತ್ತು ನಿಮಿಷ ಬೇಕು. 8 ಗಂಟೆ 20ಕ್ಕೆ ಹೊರಡಬೇಕು. ನಲವತ್ತರ ವೇಗದ ಗಾಡಿ ಈ ತುಂಡಿನಲ್ಲಿ ಸರಾಸರಿ ಇಪ್ಪತ್ನಾಲ್ಕರದಾಗಿ ಹೋಯಿತು. ಪುಸ್ತಕದ ಗಾಡಿಗಳು ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಅವುಗಳಲ್ಲಿ ಪ್ರಯಾಣಿಕರೇ ಇಲ್ಲವೆಂದು ತೋರುತ್ತದೆ.

ರೈಲ್ವೆಯವರು ಇದನ್ನು ನಕ್ಷೆಯಲ್ಲಿ ಬರೆದು ನೋಡುವುದುಂಟು. ಅಡ್ಡಲಾಗಿ ಹೊತ್ತು, ಮೇಲ್ಮುಖವಾಗಿ ದೂರ. ಪ್ರತಿಯೊಂದು ಗಾಡಿಯೂ ಒಂದು ಓರೆಗೆರೆ. ವೇಗ ಹೆಚ್ಚಿದಷ್ಟೂ ಗೆರೆ ಕಡಿದು. ಗಾಡಿ ನಿಂತಲ್ಲಿ ಗೆರೆ ಮೆಟ್ಟಿಲಿನಂತೆ ಮಟ್ಟಸವಾಗುತ್ತದೆ. ಎದುರುಬದುರಿನ ಗೆರೆಗಳು ಕತ್ತರಿಸುವ ಬಿಂದುವೇ ಸಂಧಿಸುವ ಎಡೆ. ಒಂಟಿ ಮಾರ್ಗದಲ್ಲಿ ಆ ಬಿಂದು ದಾಟುನಿಲ್ದಾಣದ ಮಟ್ಟದಲ್ಲಿಯೇ ಬೀಳಬೇಕು. ಬೇರೆಡೆ ಬಿದ್ದರೆ ಪಟ್ಟಿ ಕೆಟ್ಟಿತೆಂದು ಕಣ್ಣಿಗೆ ಆಗಲೇ ಕಾಣುತ್ತದೆ.

ಆದರೂ ಗಾಡಿಗಳ ರಕ್ಷಣೆಯನ್ನು ಗಡಿಯಾರಕ್ಕೆ ಒಪ್ಪಿಸುವಂತಿಲ್ಲ. ಮುಂದಿನ ತುಂಡು ತೆರವಾಗಿದೆಯೆಂಬುದಕ್ಕೆ ಅಪ್ಪಣೆ ದೊರೆಯದೆ ಚಾಲಕನು ಹೊರಡಕೂಡದು; ಬಹುಕಾಲ ಒಂಟಿ ಮಾರ್ಗಗಳಲ್ಲಿ ಈ ಅಪ್ಪಣೆಯು ಟೋಕನ್ ಎಂಬ ಲೋಹದ ಬಿಲ್ಲೆಯ ರೂಪದಲ್ಲಿ ಅವನ ಕೈಸೇರುತ್ತಿತ್ತು. ಹೀಗೆ ಡಿಕ್ಕಿ ತಪ್ಪುತ್ತದೆ, ಆದರೆ ತಡ ತಪ್ಪುವುದಿಲ್ಲ. ಬಂಗಾರಪೇಟೆಯ ಗಾಡಿ ಐದು ನಿಮಿಷ ತಡವಾದರೆ, ಹೊತ್ತಿಗೆ ಸರಿಯಾಗಿ ಬಂದ ಮಾರಿಕುಪ್ಪಂನ ಗಾಡಿಯೂ ಕೋರಮಂಡಲ್‌ನಲ್ಲಿ ಕಾಯಬೇಕು. 8 ಗಂಟೆ 32ಕ್ಕೆ ಬಿಡಬೇಕಾದುದು 37ಕ್ಕೆ ಬಿಡುತ್ತದೆ. ಮುಂದಿನ 12 ಕಿಲೋಮೀಟರನ್ನು ಎಲ್ಲಿಯೂ ನಿಲ್ಲದೆ ಹದಿನೆಂಟು ನಿಮಿಷದಲ್ಲಿ ಓಡಿದರೂ ಬಂಗಾರಪೇಟೆ ಸೇರುವುದು 8 ಗಂಟೆ 55ಕ್ಕೆ. ಬೆಂಗಳೂರಿನ ಗಾಡಿ 53ಕ್ಕೆ ಹೊರಡುವುದಾದರೆ, ತನ್ನ ಗಾಡಿ ಮಾರಿಕುಪ್ಪಂನಿಂದ ಒಂದು ನಿಮಿಷವೂ ತಡಮಾಡದೆ ಹೊರಟಿತ್ತೆಂದು ಬಲ್ಲ ಪ್ರಯಾಣಿಕನು ಬರಿದಾದ ಪ್ಲಾಟುಫಾರಮಿನ ಮೇಲೆ ಇಳಿಯುತ್ತಾನೆ.