ಬೆಲೆಯೋ, ಬೇಳೆಯೋ?

ಕಿರಾಣಿ ಅಂಗಡಿಗೆ ಈಗ ಗಿರಾಕಿಗಳು ಎರಡು ಬಾಗಿಲುಗಳಿಂದ ಬರುತ್ತಾರೆ. ಒಂದು ಬೀದಿಯ ಬಾಗಿಲು, ಇನ್ನೊಂದು ಗಲ್ಲಾಪೆಟ್ಟಿಗೆಯ ಪಕ್ಕದ ಫೋನು. ಆ ಫೋನಿಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು: ಅಂಗಡಿ ಯಾವ ಹೊತ್ತಿಗೆ ತೆರೆಯುತ್ತದೆ, ಇಂಥ ಸಾಮಾನಿನ ಬೆಲೆ ಎಷ್ಟು. ಇವಕ್ಕೆ ತಾನಾಗಿಯೇ ಉತ್ತರ ಹೋಗುವಂತೆ ಏರ್ಪಾಡು ಮಾಡಬಹುದು. ಆದರೆ ಯಂತ್ರವು ಎಲ್ಲಿ ಸುಮ್ಮನಾಗಿ ಮನುಷ್ಯನನ್ನು ಕರೆಯಬೇಕೆಂಬುದನ್ನು ಗೊತ್ತುಮಾಡುವುದೇ ಇದರಲ್ಲಿ ಕಷ್ಟದ ಕೆಲಸ. ಇಂದು ಅಷ್ಟನ್ನೇ ವಿಚಾರ ಮಾಡೋಣ.

ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ 7ರಿಂದ 1ರವರೆಗೆ, ಸಂಜೆ 4ರಿಂದ 9ರವರೆಗೆ ವ್ಯಾಪಾರ, ಭಾನುವಾರ ರಜೆ. ಯಜಮಾನರು ವಾಟ್ಸ್ಯಾಪಿಗೆ ಒಂದು ಪ್ರೋಗ್ರಾಮನ್ನು ಜೋಡಿಸಿ, ಸಂದೇಶದಲ್ಲಿ `bele`, `rate`, `eshtu` ಎಂಬ ಮಾತುಗಳಲ್ಲಿ ಒಂದು ಕಂಡರೂ ಬೆಲೆಯ ಪಟ್ಟಿಯನ್ನು ಕಳುಹಿಸುವಂತೆ ಮಾಡಿದ್ದಾರೆ. ನಮ್ಮ ಜನ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಹೆಚ್ಚಲ್ಲವೆ? ತೊಡಕು ಹುಟ್ಟುವುದು ಅಲ್ಲಿಯೇ. `eshtu gantege open` ಎಂದು ಹೊತ್ತನ್ನು ಕೇಳಿದವರಿಗೂ ಬೆಲೆಯ ಪಟ್ಟಿ ಹೋಗುತ್ತದೆ. ಆ ಅಕ್ಷರಗಳಲ್ಲಿ ಬೆಲೆಯೂ `bele`, ಬೇಳೆಯೂ `bele`. ಶನಿವಾರ ರಾತ್ರಿ 9 ಗಂಟೆ 20 ನಿಮಿಷಕ್ಕೆ ಒಬ್ಬ ಗೃಹಿಣಿ `ninne kotta bele li hula ide` ಎಂದು ಬರೆಯುತ್ತಾರೆ. ಬೇಳೆಯಲ್ಲಿ ಹುಳ ಕಂಡ ಆಕೆಗೆ ಯಂತ್ರವು ತೊಗರಿಬೇಳೆಯ ಇಂದಿನ ಬೆಲೆಯನ್ನು ತಿಳಿಸಿ, "ಮತ್ತೆ ಬನ್ನಿ" ಎನ್ನುತ್ತದೆ! ಆಕೆ ಇನ್ನೊಮ್ಮೆ ಬರೆದರೆ ಇನ್ನೊಮ್ಮೆ ಅದೇ ಉತ್ತರ. ಸೋಮವಾರ ಆಕೆ ಬೇರೆ ಅಂಗಡಿಗೆ ಹೋದರೆ ಆಶ್ಚರ್ಯವೇನು?

ಇದಕ್ಕೆ ಪರಿಹಾರವು ಸಂದೇಶವನ್ನು ಪರೀಕ್ಷಿಸುವ ಕ್ರಮದಲ್ಲಿದೆ. ಮೊಟ್ಟಮೊದಲು ದೂರಿನ ಮಾತುಗಳನ್ನು ನೋಡಬೇಕು: `hula`, `haalu`, `vapas`, ಹಣ ಕಟ್ಟಿದ್ದು, ಸಾಮಾನು ಬಾರದಿರುವುದು. ಇವುಗಳಲ್ಲಿ ಒಂದು ಕಂಡರೂ ಮುಂದಿನದನ್ನು ನೋಡದೆ ಮನುಷ್ಯನಿಗೆ ಒಪ್ಪಿಸಬೇಕು. `haalu` ಎಂದರೆ ಕುಡಿಯುವ ಹಾಲೂ ಆಗಬಹುದು, ಹಾಳಾದುದೂ ಆಗಬಹುದು. ಆದರೂ ಚಿಂತೆಯಿಲ್ಲ, ಹಾಲಿನ ಗಿರಾಕಿಯೊಬ್ಬನಿಗೆ ಮನುಷ್ಯನೇ ಉತ್ತರಿಸಿದರೆ ನಷ್ಟವಿಲ್ಲ, ದೂರಿಗೆ ಬೆಲೆಯ ಪಟ್ಟಿ ಹೋದರೆ ನಷ್ಟವುಂಟು. ಎರಡನೆಯದಾಗಿ ಹೊತ್ತಿನ ಮಾತುಗಳು: `gante`, `open`, `raje`. ಮೂರನೆಯದಾಗಿ ಬೆಲೆ. ಇಲ್ಲಿ `bele` ಒಂದೇ ಸಾಲದು; ಅದರೊಡನೆ `eshtu` ಅಥವಾ `rate` ಎಂಬುದೂ, ಒಂದು ಸಾಮಾನಿನ ಹೆಸರೂ ಇರಬೇಕು. ಹೆಸರಿಲ್ಲದಿದ್ದರೆ "ಯಾವ ಸಾಮಾನು?" ಎಂದು ಒಂದೇ ಸಲ ಕೇಳಲಿ. ಆಗಲೂ ತಿಳಿಯದಿದ್ದರೆ ಮನುಷ್ಯನಿಗೆ ಬಿಡಲಿ. ಬೆಲೆಯ ಜೊತೆಗೆ ಅದು ಯಾವ ದಿನದ ಬೆಲೆ ಎಂಬುದನ್ನೂ ಬರೆಯತಕ್ಕದ್ದು. ನಿನ್ನೆಯ ಬೆಲೆಯನ್ನು ಇಂದು ಹೇಳಿದರೆ ಜಗಳ ಗಲ್ಲಾದ ಮುಂದೆ ನಡೆಯುತ್ತದೆ.

ಒಪ್ಪಿಸುವುದೆಂದರೆ ಮೂರು ಕೆಲಸ. ಮೊದಲನೆಯದು, ಗಿರಾಕಿಗೆ ನಿಜವಾದ ಹೊತ್ತನ್ನು ತಿಳಿಸುವುದು. "ಬೇಗ ಉತ್ತರಿಸುತ್ತೇವೆ" ಎನ್ನುವುದಕ್ಕಿಂತ "ನಾಳೆ ರಜೆ, ಆದರೂ ಬೆಳಿಗ್ಗೆ 10ರೊಳಗೆ ಅಂಗಡಿಯವರೇ ನಿಮಗೆ ಬರೆಯುತ್ತಾರೆ" ಎಂಬ ಮಾತು ಮೇಲು. ಎರಡನೆಯದು, ಹಿಂದಿನ ಸಂದೇಶಗಳೆಲ್ಲವನ್ನೂ ಉತ್ತರಿಸುವವರ ಕಣ್ಣಿಗೆ ಬೀಳುವಂತೆ ಇಡುವುದು. ಆಕೆ ಹುಳದ ಕಥೆಯನ್ನು ಮತ್ತೆ ಹೇಳುವಂತಾಗಬಾರದು. ಮೂರನೆಯದು, ಆ ಮಾತುಕತೆಯಲ್ಲಿ ಯಂತ್ರವು ಸುಮ್ಮನಿರುವುದು. ಅಂಗಡಿಯವರು "ಮುಗಿಯಿತು" ಎಂದು ಗುರುತು ಹಾಕುವವರೆಗೂ ಅದು ಬಾಯಿ ತೆರೆಯಬಾರದು. ಇಲ್ಲದಿದ್ದರೆ ಯಜಮಾನರು ಕ್ಷಮೆ ಕೇಳುತ್ತಿರುವಾಗಲೇ ನಡುವೆ ಬೆಲೆಯ ಪಟ್ಟಿ ಬಂದು ಬೀಳುತ್ತದೆ.

ರಜೆಯ ದಿನವೂ ಉತ್ತರವೇಕೆಂದರೆ, ಇಲ್ಲಿ ಒಂದು ಕಟ್ಟುಪಾಡಿದೆ. ಪ್ರೋಗ್ರಾಮನ್ನು ಜೋಡಿಸುವ ವಾಟ್ಸ್ಯಾಪಿನ ಬಿಸಿನೆಸ್ ಪ್ಲಾಟ್‌ಫಾರ್ಮಿನಲ್ಲಿ, ಗಿರಾಕಿ ಕೊನೆಯ ಸಲ ಬರೆದ ಮೇಲೆ 24 ಗಂಟೆಗಳೊಳಗೆ ಮಾತ್ರ ಅಂಗಡಿಯವರು ಮನಬಂದಂತೆ ಬರೆಯಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ನಮೂನೆಯ ಸಂದೇಶವನ್ನಷ್ಟೇ ಕಳುಹಿಸಬಹುದು. ಶನಿವಾರ ರಾತ್ರಿಯ ದೂರನ್ನು ಸೋಮವಾರ ಬೆಳಿಗ್ಗೆ 7ಕ್ಕೆ ನೋಡಿದರೆ ಆ ಅವಧಿ ಭಾನುವಾರ ರಾತ್ರಿಯೇ ಮುಗಿದಿರುತ್ತದೆ. ಆದುದರಿಂದ ರಜೆಯ ದಿನವೂ ಒಮ್ಮೆ ದೂರುಗಳನ್ನು ನೋಡುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಏರ್ಪಾಡನ್ನು ಆರಂಭಿಸುವ ಮುನ್ನ ಫೋನಿನಲ್ಲಿರುವ ಹಳೆಯ 100 ಸಂದೇಶಗಳನ್ನು ತೆಗೆದು, ಯಾವುದು ಎಲ್ಲಿಗೆ ಹೋಗಬೇಕೆಂದು ಕೈಯಿಂದಲೇ ವಿಂಗಡಿಸಿ, ಯಂತ್ರದ ವಿಂಗಡಣೆಯೊಡನೆ ಹೋಲಿಸಿ ನೋಡಿ. ಆರಂಭಿಸಿದ ಮೇಲೆ ವಾರಕ್ಕೊಮ್ಮೆ, ಯಂತ್ರವು ಉತ್ತರಿಸಿದ ಕೂಡಲೇ ಗಿರಾಕಿ ಮತ್ತೆ ಬರೆದ ಕಡೆಗಳನ್ನು ಓದಿ. ಉತ್ತರ ಸರಿಯಾಗಿದ್ದರೆ ಜನ ಸಾಮಾನ್ಯವಾಗಿ ಸುಮ್ಮನಾಗುತ್ತಾರೆ, ಇಲ್ಲವೆ "ಸರಿ" ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದ್ದರೆ, ಪಟ್ಟಿಗೆ ಸೇರಬೇಕಾದ ಮಾತು ಯಾವುದೆಂದು ಅವರೇ ನಿಮಗೆ ಬರೆದು ಕೊಟ್ಟಂತಾಯಿತು.